ಮೂಳೆ ಗಡ್ಡೆಯ ಅಂಚಿಗೆ ಎರಡು ಗೆರೆ: ನನ್ನ ಅನುಭವ

"ಎಂಆರ್‌ಐ ಇರೋ ಕಾಲದಲ್ಲಿ ಎಕ್ಸ್-ರೇ ಮೇಲೆ ಗೆರೆ ಎಳೀತಾ ಕೂತಿದ್ದಾರೆ" ಅಂತ ನನ್ನ ಬೆನ್ನ ಹಿಂದೆ ಆಡಿಕೊಂಡವರು ಕಡಿಮೆಯೇನಲ್ಲ. ಎದುರಿಗೇ ಅಂದವರೂ ಇದ್ದಾರೆ. ಈಗ ಅವರಲ್ಲೇ ಕೆಲವರು ತಮ್ಮ ರೋಗಿಗಳನ್ನು "ಆ ನಾಲ್ಕು ಫಿಲಂ ತೆಗೆಸಿಕೊಂಡು ಬಾ" ಅಂತ ನನ್ನ ಸೆಂಟರಿಗೆ ಕಳಿಸುತ್ತಾರೆ. ಹಾಗಾಗಿ ಮಾಡಿದ್ದನ್ನು ಬರೆದಿಡೋಣ ಅನ್ನಿಸಿತು. ಓದುವವರಿಗೆ ಫಿಲಂ ನೋಡೋದು ಗೊತ್ತಿದೆ ಅಂದುಕೊಂಡೇ ಬರೆಯುತ್ತಿದ್ದೇನೆ.

ನನ್ನ ಪದ್ಧತಿ ಇಷ್ಟೇ: ಮೊದಲು ಅಂಚು, ಆಮೇಲೆ ಪೆರಿಯಾಸ್ಟಿಯಂ, ಕೊನೆಗೆ ಮ್ಯಾಟ್ರಿಕ್ಸ್. ನಮ್ಮಲ್ಲಿ ಬಹಳ ಜನ ಮಾಡೋದು ಉಲ್ಟಾ. ಬೆಳ್ಳಗೆ ಏನಾದರೂ ಕಂಡರೆ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ, ಮ್ಯಾಟ್ರಿಕ್ಸ್ ಹೆಸರು ಹೇಳಿಬಿಟ್ಟರೆ ಮುಗಿಯಿತು ಅನ್ನಿಸುತ್ತದೆ. ಮ್ಯಾಟ್ರಿಕ್ಸ್ ಹೇಳೋದು ಗಡ್ಡೆ ಯಾವ ಜಾತಿ ಅಂತ. ಅದು ಎಷ್ಟು ಬೇಗ ಮೂಳೆ ತಿನ್ನುತ್ತಿದೆ ಅನ್ನೋದನ್ನು ಹೇಳುವುದು ಅಂಚು, ಅಂದರೆ ಝೋನ್ ಆಫ್ ಟ್ರಾನ್ಸಿಷನ್. ನಿಧಾನಕ್ಕೆ ಬೆಳೆದರೆ ಮೂಳೆಗೆ ಸುತ್ತ ಗೋಡೆ ಕಟ್ಟಿಕೊಳ್ಳಲು ಪುರುಸೊತ್ತು ಸಿಗುತ್ತದೆ, ಬಿಳಿ ಗೆರೆ ಬರುತ್ತದೆ. ಬೇಗ ಬೆಳೆದರೆ ಗಡ್ಡೆ ಟ್ರಬೆಕ್ಯುಲೆಗಳ ಸಂದಿಯಲ್ಲೇ ನುಗ್ಗಿಹೋಗುತ್ತದೆ. ಆಗ ಅಂಚು ಗೋಡೆಗೆ ಹತ್ತಿದ ತೇವದ ಕಲೆಯ ಹಾಗೆ: ಇದೆ ಅಂತ ಗೊತ್ತು, ಎಲ್ಲಿಗೆ ನಿಂತಿದೆ ಅಂತ ಗೊತ್ತಾಗಲ್ಲ.

"ಅಂಚನ್ನು ಪೆನ್ನಿನಲ್ಲಿ ಗುರುತು ಮಾಡಲು ಬಂದರೆ ಕಿರಿದು, ಬಾರದಿದ್ದರೆ ಅಗಲ" ಅಂತ ಪಿಜಿಯಲ್ಲಿ ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ನಾನು ಅದನ್ನು ನಿಜವಾಗಿಯೂ ಮಾಡಿದೆ, ಅಷ್ಟೇ. ಫಿಲಂ ಮೇಲೆ ಹಳೇ ಓಎಚ್‌ಪಿ ಹಾಳೆ ಇಟ್ಟು ನಾನೊಂದು ಗೆರೆ ಎಳೆಯುತ್ತೇನೆ. ಇನ್ನೊಂದು ಹಾಳೆಯಲ್ಲಿ ನಮ್ಮ ಟೆಕ್ನಿಷಿಯನ್ ನನ್ನದನ್ನು ನೋಡದೆ ಎಳೆಯುತ್ತಾನೆ. ಆಮೇಲೆ ಎರಡನ್ನೂ ಒಂದರ ಮೇಲೊಂದು ಇಡೋದು. ಎರಡೂ ಗೆರೆ ಕೂಡಿಕೊಂಡರೆ ಅಂಚು ಕಿರಿದು. ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಬಿಟ್ಟುಹೋದರೆ ಅಗಲ ಅಂತ ನಾನು ಇಟ್ಟುಕೊಂಡಿದ್ದೇನೆ. ಆ ಅರ್ಧ ಸೆಂಟಿಮೀಟರು ನನ್ನ ಲೆಕ್ಕ, ಯಾವ ಪುಸ್ತಕದ್ದೂ ಅಲ್ಲ. ಇಬ್ಬರೂ ಒಂದೇ ಕಡೆ ಪೆನ್ನು ಎತ್ತಿದರೆ ಅದನ್ನೂ ಗುರುತು ಹಾಕಿಕೊಳ್ಳುತ್ತೇನೆ, ಸಾಮಾನ್ಯವಾಗಿ ಕಾರ್ಟೆಕ್ಸ್ ಒಡೆದಿರೋದು ಅಲ್ಲೇ. ಇಬ್ಬರಲ್ಲಿ ಒಬ್ಬ ವೈದ್ಯನಲ್ಲದೇ ಇರೋದು ಒಳ್ಳೆಯದು. ಅವನಿಗೆ ರೋಗದ ಹೆಸರು ತಲೆಯಲ್ಲಿರಲ್ಲ, ಕಂಡದ್ದನ್ನಷ್ಟೇ ಎಳೆಯುತ್ತಾನೆ.

ಇದನ್ನೇ ಮಾನಿಟರಿನ ಮೇಲೆ ಮಾಡೋಣ ಅಂತ ಟಚ್ ಸ್ಕ್ರೀನು, ಸ್ಟೈಲಸ್ಸು ಅಂತ ಸುಮಾರು ಹದಿನೆಂಟು ಸಾವಿರ ಸುರಿದೆ. ಕೆಲಸಕ್ಕೆ ಬರಲಿಲ್ಲ. ಪ್ರತಿಯೊಬ್ಬನೂ ತನಗೆ ಬೇಕಾದ ಹಾಗೆ ಝೂಮು, ಕಾಂಟ್ರಾಸ್ಟು ಬದಲಿಸಿಕೊಂಡರೆ ಎರಡು ಗೆರೆ ಹೋಲಿಸೋದು ಹೇಗೆ? ಸಿಆರ್‌ನಲ್ಲಿ ಇನ್ನೊಂದು ತೊಂದರೆ, ಎಡ್ಜ್ ಎನ್ಹಾನ್ಸ್‌ಮೆಂಟ್ ಜಾಸ್ತಿ ಇಟ್ಟರೆ ಇಲ್ಲದ ಬಿಳಿ ಅಂಚು ಹುಟ್ಟಿಕೊಳ್ಳುತ್ತದೆ, ಅಗಲದ್ದು ಕಿರಿದಾಗಿ ಕಾಣುತ್ತದೆ. ಮೂಳೆ ಗಡ್ಡೆಗೆಂದೇ ಬೇರೆ ಪ್ರೊಸೆಸಿಂಗ್ ಸೆಟ್ಟಿಂಗ್ ಮಾಡಿಟ್ಟುಕೊಂಡಿದ್ದೇನೆ. ಅದರ ಅಂಕಿಗಳನ್ನು ಇಲ್ಲಿ ಬರೆಯಲ್ಲ. ಬೇಕಾದವರು ಸೆಂಟರಿಗೆ ಬಂದು ಒಂದು ಕಾಫಿ ಕುಡಿದು ನೋಡಿಕೊಂಡು ಹೋಗಬಹುದು.

ನಾಲ್ಕು ಫಿಲಂ ಏಕೆ ಅನ್ನೋದು ಪೆರಿಯಾಸ್ಟಿಯಂಗೆ ಸಂಬಂಧಪಟ್ಟ ಮಾತು. ಎತ್ತಿಕೊಂಡ ಪೆರಿಯಾಸ್ಟಿಯಂ ಅಡಿಯಲ್ಲಿ ಬರುವ ಹೊಸ ಮೂಳೆ ತೆಳು ಪದರ. ಕಿರಣ ಅದರ ಅಂಚಿಗೆ ಸಮವಾಗಿ ಹಾದುಹೋದಾಗ ಮಾತ್ರ ಕಾಣುತ್ತದೆ, ಎದುರಿನಿಂದ ಬಿದ್ದರೆ ಕರಗಿಹೋಗುತ್ತದೆ. ಎಪಿ, ಲ್ಯಾಟರಲ್ ಎರಡೇ ತೆಗೆದರೆ ಮುಂದೆ, ಹಿಂದೆ ಮತ್ತು ಎರಡು ಪಕ್ಕ ಮಾತ್ರ ಅಂಚಿಗೆ ಸಿಗುತ್ತವೆ. ಮಧ್ಯದ ನಾಲ್ಕು ಮೂಲೆ ತಪ್ಪಿಹೋಗುತ್ತವೆ.

ಇದನ್ನು ಯಾರೂ ನಂಬಲಿಲ್ಲವೆಂದು ಒಂದು ಭಾನುವಾರ ಮಟನ್ ಅಂಗಡಿಯಿಂದ ಆಡಿನ ತೊಡೆಮೂಳೆ ತಂದೆ. "ಸಾರಿಗಾ ಸರ್, ಸೂಪಿಗಾ?" ಅಂದ. ಎಕ್ಸ್-ರೇಗೆ ಅಂದರೆ ನಗುತ್ತಿದ್ದ, ಸೂಪಿಗೇ ಅಂದೆ. ಮೊಟ್ಟೆ ಸಿಪ್ಪೆಯ ಉದ್ದನೆ ಚೂರನ್ನು ಮೇಣದಲ್ಲಿ ಮೂಳೆಗೆ ಅಂಟಿಸಿ, ನಡುವೆ ಒಂದೆರಡು ಮಿಲಿಮೀಟರ್ ಸಂದಿ ಬಿಟ್ಟು, ಮಾಂಸದ ಬದಲಿಗೆ ನೀರಿನ ತಟ್ಟೆಯಲ್ಲಿಟ್ಟು ತೆಗೆದೆ. ಸಿಪ್ಪೆ ಪಕ್ಕಕ್ಕೆ ಬಂದಾಗ ಥೇಟ್ ಒಂಟಿ ಪದರದ ಪೆರಿಯಾಸ್ಟಿಯಲ್ ರಿಯಾಕ್ಷನ್. ಮೂಳೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ನಲವತ್ತೈದು ಡಿಗ್ರಿ ಮುಟ್ಟುವ ಮೊದಲೇ ಗೆರೆ ಮಾಯ. ಅದೇ ಮೂಳೆಯ ಕೀಲಿನ ಕಡೆಯಿಂದ ಸ್ಪಂಜಿನಂಥ ಭಾಗಕ್ಕೆ ಡ್ರಿಲ್ ಹಾಕಿಯೂ ನೋಡಿದೆ. ಆರು ಮಿಲಿಮೀಟರಿನ ತೂತು ಇದೆಯೋ ಇಲ್ಲವೋ ಅನ್ನುವಂತೆ ಕಂಡಿತು, ಕಾರ್ಟೆಕ್ಸಿನ ಒಳಮೈ ಚೂರು ಕೆರೆದದ್ದು ಮಾತ್ರ ತಕ್ಷಣ ಎದ್ದು ಕಂಡಿತು. ಸ್ಪಂಜು ಮೂಳೆಯಲ್ಲಿ ಖನಿಜ 30ರಿಂದ 50 ಶೇಕಡಾ ಹೋಗುವ ತನಕ ಎಕ್ಸ್-ರೇಗೆ ಗೊತ್ತಾಗಲ್ಲ ಅಂತ ಓದಿದ್ದೆವಲ್ಲ, ಅದು ಕಣ್ಣಿಗೇ ಬಿತ್ತು. ಅಂಚು ಹುಡುಕುವಾಗ ಕಾರ್ಟೆಕ್ಸಿನ ಒಳಮೈಯಿಂದ ಶುರು ಮಾಡಬೇಕು ಅನ್ನೋದು ನನಗೆ ಅಲ್ಲಿಂದ ಬಂದ ಅಭ್ಯಾಸ.

ಓರೆ ಫಿಲಂಗೆ ಕಾಲು ಒಂದೇ ಕೋನದಲ್ಲಿ ನಿಲ್ಲಬೇಕಲ್ಲ. ಡೀಲರ್ ಹತ್ತಿರ ರೆಡಿಮೇಡ್ ಸ್ಪಂಜು ಬ್ಲಾಕುಗಳನ್ನು ಆರೇಳು ಸಾವಿರ ಕೊಟ್ಟು ತಂದೆ. ಅವುಗಳ ಹೊದಿಕೆಯ ಅಂಚೇ ಫಿಲಂನಲ್ಲಿ ಗೆರೆಯಾಗಿ ಬಂತು, ಅದನ್ನೇ ಒಬ್ಬರು ಪೆರಿಯಾಸ್ಟಿಯಂ ಅಂದರು! ಕೊನೆಗೆ ಹಾಸಿಗೆ ಅಂಗಡಿಯಲ್ಲಿ ಮುನ್ನೂರು ರೂಪಾಯಿಗೆ ಫೋಮ್ ಕತ್ತರಿಸಿ ಕೊಟ್ಟ. ಹೊದಿಕೆಯೇ ಬೇಡ. ಈಗಲೂ ಅದೇ.

ಇದೆಲ್ಲ ಒಟ್ಟಿಗೆ ಕೆಲಸಕ್ಕೆ ಬಂದದ್ದು ಹದಿನಾಲ್ಕರ ಹುಡುಗನೊಬ್ಬನಲ್ಲಿ. ಕಬಡ್ಡಿಯಲ್ಲಿ ಬಿದ್ದಿದ್ದ, ಎರಡು ತಿಂಗಳಿಂದ ಬಲ ಮಂಡಿಯ ಮೇಲೆ ನೋವು, ಇತ್ತೀಚೆಗೆ ರಾತ್ರಿ ನಿದ್ದೆಯಿಲ್ಲ. ನಾಟಿ ಕಟ್ಟು ಕಟ್ಟಿಸಿಯಾಗಿತ್ತು. ಮೊದಲೇ ತೆಗೆಸಿದ್ದ ಎರಡು ಫಿಲಂಗಳಲ್ಲಿ ತೊಡೆಮೂಳೆಯ ಕೆಳತುದಿಯಲ್ಲಿ ಒಂದಿಷ್ಟು ಬಿಳುಪು. ಸ್ಟ್ರೆಸ್ ಫ್ರಾಕ್ಚರ್ ಕೂಡಿಕೊಳ್ಳುತ್ತಿದೆ, ಅದು ಕ್ಯಾಲಸ್, ಅನ್ನೋದು ಮೂಳೆ ಡಾಕ್ಟರ ಅಭಿಪ್ರಾಯ. ಆ ವಯಸ್ಸಿಗೆ, ಆ ಕತೆಗೆ, ತೀರಾ ತಳ್ಳಿಹಾಕುವ ಮಾತೇನೂ ಅಲ್ಲ.

ನಾಲ್ಕು ಫಿಲಂ ತೆಗೆದೆವು, ಎರಡು ನೇರ, ಎರಡು ಓರೆ, ಐವತ್ತೆರಡು ಕೆವಿ ಆಸುಪಾಸಿನಲ್ಲಿ. ಗೆರೆ ಎಳೆದಾಗ ಕೆಳಗಡೆ, ಗ್ರೋತ್ ಪ್ಲೇಟಿನ ಹತ್ತಿರ, ನನ್ನದೂ ಟೆಕ್ನಿಷಿಯನ್ನದೂ ಹೆಚ್ಚುಕಡಿಮೆ ಕೂಡಿಕೊಂಡವು. ಮೇಲ್ಗಡೆ ಒಂದೂವರೆ ಸೆಂಟಿಮೀಟರ್ ಬಿಟ್ಟುಹೋಯಿತು. ಸ್ಟ್ರೆಸ್ ಫ್ರಾಕ್ಚರಿನಲ್ಲಿ ಬಿಳುಪು ಅಡ್ಡಕ್ಕೆ ಪಟ್ಟಿಯಾಗಿ ಬರುತ್ತದೆ, ಸುತ್ತಲಿನ ಮೂಳೆ ಗಟ್ಟಿ ಇರುತ್ತದೆ. ಇಲ್ಲಿ ಬಿಳುಪಿನ ನಡುವೆಯೇ ಹುಳು ತಿಂದ ಹಾಗೆ ಕಪ್ಪು ಚುಕ್ಕಿ. ಹೊರಗಡೆಗೆ ತಿರುಗಿಸಿದ ಓರೆ ಫಿಲಂನಲ್ಲಿ ಹಿಂಬದಿಯ ಒಳಮೂಲೆ ಅಂಚಿಗೆ ಬಂತು. ಗಡ್ಡೆಯ ಮೇಲ್ತುದಿಯಲ್ಲಿ ಪೆರಿಯಾಸ್ಟಿಯಂ ಎದ್ದು ಕೋಡ್‌ಮನ್ ತ್ರಿಕೋನ ಸ್ಪಷ್ಟವಾಗಿತ್ತು, ಅದರ ಕೆಳಗೆ ಪದರ ಒಡೆದುಹೋಗಿ ಏನೂ ಇಲ್ಲ. ಕ್ಯಾಲಸ್ ಹಾಗೆ ನಡುವೆ ತುಂಡಾಗಲ್ಲ. ಗಡ್ಡೆ ಪದರವನ್ನು ದಾಟಿ ಹೊರಬಂದಿದೆ ಅಂತಲೇ ಅದರ ಅರ್ಥ. ಎಪಿ, ಲ್ಯಾಟರಲ್ ಎರಡರಲ್ಲೂ ಆ ತ್ರಿಕೋನ ಇರಲಿಲ್ಲ.

ಮ್ಯಾಟ್ರಿಕ್ಸ್ ನೋಡಿದ್ದು ಆಮೇಲೆ. ಹಿಂಬದಿಯ ಮಾಂಸದಲ್ಲಿ ಮೋಡದಂಥ ಬಿಳುಪು, ಉಂಗುರ, ಕಮಾನು ಇಲ್ಲ, ಹಾಗಾಗಿ ಕಾರ್ಟಿಲೇಜ್ ಅಲ್ಲ, ಆಸ್ಟಿಯಾಯ್ಡ್. ಪೆಟ್ಟು ಬಿದ್ದ ಕತೆಯಿದ್ದರಿಂದ ಮಯೋಸೈಟಿಸ್ ಆಸಿಫಿಕಾನ್ಸ್ ಅಂತ ಇನ್ನೊಬ್ಬರು ವಾದಿಸಿದರು. ಅದರಲ್ಲಿ ಗಟ್ಟಿಯಾಗೋದು ಹೊರಗಿನ ಸುತ್ತು, ನಡುವೆ ತೆಳು. ಇಲ್ಲಿ ನಡುಭಾಗ, ಮೂಳೆಗೆ ಅಂಟಿದ ಕಡೆ ದಟ್ಟ, ಹೊರಕ್ಕೆ ಹೋದಂತೆ ಮಸುಕು. ನೇರ ಉಲ್ಟಾ. ಎಂದಿನ ಎಕ್ಸ್‌ಪೋಷರ್‌ನಲ್ಲಿ ತೆಗೆದ ಹಳೆ ಫಿಲಂನಲ್ಲಿ ಈ ವ್ಯತ್ಯಾಸ ಕಾಣುತ್ತಿರಲಿಲ್ಲ.

"ಎರಡು ವಾರ ಬಿಟ್ಟು ಮತ್ತೆ ತೆಗೆಯೋಣ ಡಾಕ್ಟ್ರೇ" ಅಂದರು ಮೂಳೆ ಡಾಕ್ಟರು. ಅಂಚಿನ ಬಗ್ಗೆ ಅನುಮಾನವಿದ್ದರೆ ನಾನೂ ಒಪ್ಪುತ್ತಿದ್ದೆ, ಕ್ಯಾಲಸ್ ಆದರೆ ಅಷ್ಟರಲ್ಲಿ ಗಟ್ಟಿಯಾಗಿ ನುಣುಪಾಗುತ್ತದೆ. ಇಲ್ಲಿ ಕಾಯುವ ಮಾತೇ ಇಲ್ಲ ಅಂತ ರಿಪೋರ್ಟಿನಲ್ಲಿ ಬರೆದೆ. ಹಾಗಾದರೆ ಇಲ್ಲೇ ಬಯಾಪ್ಸಿ ಮಾಡಿಬಿಡೋಣ, ಆ ತ್ರಿಕೋನಕ್ಕೇ ಸೂಜಿ ಹಾಕೋಣ ಅಂತ ಹೊರಟರು. ಅದಕ್ಕೆ ದೊಡ್ಡ ಜಗಳವೇ ಆಯಿತು. ತ್ರಿಕೋನ ಪ್ರತಿಕ್ರಿಯೆಯ ಮೂಳೆ, ಅಲ್ಲಿ ಗಡ್ಡೆಯ ಕೋಶ ಸಿಗದೆಯೇ ಹೋಗಬಹುದು. ಸೂಜಿ ಹೋದ ದಾರಿಯನ್ನು ಆಮೇಲೆ ಗಡ್ಡೆಯ ಜೊತೆಗೇ ಕತ್ತರಿಸಿ ತೆಗೆಯಬೇಕು. ಆದ್ದರಿಂದ ಆ ದಾರಿಯನ್ನು ಕೊನೆಗೆ ಆಪರೇಷನ್ ಮಾಡುವವರೇ ಗೊತ್ತುಮಾಡಬೇಕು. ತಂದೆಗೆ ಫಿಲಂಗಳನ್ನೂ ನನ್ನ ಎರಡು ಹಾಳೆಗಳನ್ನೂ ಕೊಟ್ಟು ಬೆಂಗಳೂರಿನ ಕಿದ್ವಾಯಿಗೆ ಕಳಿಸಿದೆ. ಆಸ್ಟಿಯೋಸಾರ್ಕೋಮಾ ಅಂತಲೇ ಬಂತು, ಎದೆಯ ಸಿಟಿಯಲ್ಲಿ ಏನೂ ಇರಲಿಲ್ಲ. ಕೀಮೋ ನಡೆದು, ಕಾಲು ಉಳಿಸಿಯೇ ಆಪರೇಷನ್ ಆಯಿತು.

ನಮ್ಮಲ್ಲಿ ಆದ ಖರ್ಚು ಎಲ್ಲ ಸೇರಿ ಸಾವಿರದ ಒಳಗೆ. ಎಂಆರ್‌ಐಗೆ ಇಲ್ಲಿ ಏಳೆಂಟು ಸಾವಿರ, ಅದನ್ನು ಜೋಡಿಸಲು ಆ ತಂದೆಗೆ ಇನ್ನೊಂದು ತಿಂಗಳು ಹಿಡಿಯುತ್ತಿತ್ತು. ಎಂಆರ್‌ಐ ಬೇಡವೆಂದಲ್ಲ. ಮೂಳೆಯೊಳಗೆ ಗಡ್ಡೆ ಎಲ್ಲಿಯವರೆಗೆ ಹೋಗಿದೆ ಅನ್ನೋದನ್ನು ಅದೇ ಹೇಳಬೇಕು. ಈ ಹುಡುಗನಲ್ಲೂ ನಮ್ಮಿಬ್ಬರ ಗೆರೆಗಳಿಗಿಂತ ಮೂರ್ನಾಲ್ಕು ಸೆಂಟಿಮೀಟರ್ ಮೇಲಕ್ಕೆ ಹೋಗಿತ್ತಂತೆ. ಆದರೆ ಎಂಆರ್‌ಐನಲ್ಲಿ ಸ್ಟ್ರೆಸ್ ಫ್ರಾಕ್ಚರಿನ ಊತವೂ ಭಯಂಕರವಾಗಿಯೇ ಕಾಣುತ್ತದೆ, ಮೋಡದಂಥ ಬಿಳುಪು ಸರಿಯಾಗಿ ಕಾಣಲ್ಲ. ಫಿಲಂ ಪಕ್ಕದಲ್ಲಿಲ್ಲದೆ ಅದನ್ನು ಓದಲು ನಾನು ಒಪ್ಪಲ್ಲ.

ಕೈಕೊಟ್ಟ ಕಡೆಗಳನ್ನೂ ಹೇಳುತ್ತೇನೆ. ಅಗಲ ಅಂಚು ಅಂದರೆ ಆಕ್ರಮಣಕಾರಿ, ಕ್ಯಾನ್ಸರ್ ಅಂತಲೇ ಅಲ್ಲ. ಮಕ್ಕಳ ಆಸ್ಟಿಯೋಮೈಲೈಟಿಸ್‌ನಲ್ಲಿ ಎರಡು ಗೆರೆ ಇದಕ್ಕಿಂತ ದೂರ ಬಿಟ್ಟುಹೋಗುತ್ತವೆ, ಯೂಯಿಂಗ್ಸ್‌ನಿಂದ ಅದನ್ನು ಬೇರೆ ಮಾಡಲು ನನ್ನ ಹಾಳೆಗಳಿಂದ ಆಗಿಲ್ಲ. ಈರುಳ್ಳಿ ಸಿಪ್ಪೆಯ ಪದರ ಎರಡರಲ್ಲೂ ಬರುತ್ತದೆ. ಅಲ್ಲಿ ನೋವು ಶುರುವಾಗಿ ಎಷ್ಟು ದಿನ ಅಂತ ಕೇಳೋದೇ ಹೆಚ್ಚು ಉಪಯೋಗ: ವಾರ, ಹತ್ತು ದಿನದಲ್ಲೇ ಇಷ್ಟೊಂದು ಮೂಳೆ ಹೋಗಿದ್ದರೆ ಸೋಂಕಿನ ಕಡೆ ವಾಲುತ್ತೇನೆ. ಇನ್ನೊಂದು ತುದಿಯಲ್ಲಿ ಟೆಲಾಂಜಿಯೆಕ್ಟಾಟಿಕ್ ಆಸ್ಟಿಯೋಸಾರ್ಕೋಮಾ, ಕೆಲವೊಮ್ಮೆ ಎಬಿಸಿಯಂತೆ ಉಬ್ಬಿಕೊಂಡು ಅಂಚು ಚೊಕ್ಕವಾಗಿ ಕಂಡುಬಿಡುತ್ತದೆ. ಜೈಂಟ್ ಸೆಲ್‌ನಲ್ಲಿ ಗೆರೆಗಳು ಕೂಡಿಕೊಳ್ಳುತ್ತವೆ, ಬಿಳಿ ಗೋಡೆ ಮಾತ್ರ ಇರಲ್ಲ. ಪೆಲ್ವಿಸ್, ಸೇಕ್ರಂಗೆ ಒಂದೆರಡು ವರ್ಷ ಒದ್ದಾಡಿದೆ, ಕರುಳಿನ ಗ್ಯಾಸಿನಲ್ಲಿ ಇಬ್ಬರು ಎಳೆದ ಗೆರೆ ಎಂದೂ ಕೂಡಲಿಲ್ಲ. ಈಗ ಅವನ್ನು ನೇರ ಸಿಟಿಗೆ ಕಳಿಸುತ್ತೇನೆ.

ಮಂಡಿ, ಭುಜಕ್ಕೆ ಮಾತ್ರ ನಾಲ್ಕು ಫಿಲಂ ಬಿಡಲ್ಲ. ಹಿಂಬದಿಯ ಒಳಮೂಲೆಯಲ್ಲಿ ಕಾರ್ಟಿಕಲ್ ಡೆಸ್ಮಾಯ್ಡ್ ಕಂಡರೆ ಗಾಬರಿಯಾಗಬೇಡಿ, ಅದು ಬರುವುದೂ ಅದೇ ಜಾಗದಲ್ಲಿ, ಅದೇ ವಯಸ್ಸಿನಲ್ಲಿ. ಓರೆ ಫಿಲಂನಲ್ಲಿ ಅದರ ಬುಡ ಗಟ್ಟಿಯಾಗಿ, ಗೆರೆ ಎಳೆಯುವಂತಿರುತ್ತದೆ, ಮಾಂಸದಲ್ಲಿ ಏನೂ ಇರಲ್ಲ. ಅದಕ್ಕೆ ಸೂಜಿ ಹಾಕಿಸಬೇಡಿ.