ಕಂಬಿ ಸೀಳದಿದ್ದರೂ ಕಾಂಕ್ರೀಟ್ ಸೀಳುತ್ತದೆ: ಬೆಂಡ್ ರೇಡಿಯಸ್ ಬಗ್ಗೆ ನನ್ನ ಅನುಭವ

ನಮ್ಮ ಕಡೆ ಮನೆ ಕೆಲಸದ ಸೈಟಿನಲ್ಲಿ ಕಂಬಿ ಬಗ್ಗಿಸುವ ವ್ಯವಸ್ಥೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ದಪ್ಪ ಹಲಗೆ, ಅದಕ್ಕೆ ಬಡಿದ ಎರಡು ಮೂರು ಕಬ್ಬಿಣದ ಗೂಟ, ಕೈಯಲ್ಲಿ ಒಂದು ಕೀ. 8 ಎಂ.ಎಂ. ರಿಂಗಿಗೂ ಅದೇ ಗೂಟ, 16 ಎಂ.ಎಂ. ಮೇನ್ ಕಂಬಿಗೂ ಅದೇ ಗೂಟ. ನಾನು ಸೈಟಿಗೆ ಹೋದರೆ ಈಗ ಮೊದಲು ನೋಡುವುದು ಆ ಗೂಟದ ದಪ್ಪವನ್ನೇ. ಗೂಟ ಸಣ್ಣದಾದಷ್ಟೂ ಬೆಂಡಿನ ಒಳ ರೇಡಿಯಸ್ ಚಿಕ್ಕದಾಗಿ ತಿರುವು ಚೂಪಾಗುತ್ತದೆ. ಕಂಬಿ ಯಾವ ಕಂಪನಿಯದು ಅಂತ ಆಮೇಲೆ ವಿಚಾರಿಸುತ್ತೇನೆ.

ಸಣ್ಣ ಗೂಟಕ್ಕೆ ಬಗ್ಗಿಸಬೇಡಿ ಅಂದರೆ ಕಂಬಿ ಕೆಲಸದವರು ಕೇಳುವ ಮಾತು ಒಂದೇ: "ಸಾರ್, ಕಂಬಿ ಎಲ್ಲಿ ಸೀಳಿದೆ ತೋರಿಸಿ ನೋಡೋಣ." ಅವರು ಹೇಳುವುದು ನಿಜ. ಒಳ್ಳೆಯ ಟಿಎಂಟಿ ಕಂಬಿ ಅಷ್ಟು ಸುಲಭಕ್ಕೆ ಸೀಳುವುದಿಲ್ಲ. ಕಂಬಿಗಿರುವ ಭಾರತೀಯ ಕೋಡ್ ಐಎಸ್ 1786ರ ಬೆಂಡ್ ಪರೀಕ್ಷೆಯಲ್ಲೇ 20 ಎಂ.ಎಂ.ವರೆಗಿನ ಎಫ್‌ಇ 500 ಕಂಬಿಯನ್ನು ಅದರ ನಾಲ್ಕು ಪಟ್ಟು ವ್ಯಾಸದ ಗೂಟಕ್ಕೆ ಸುತ್ತಿ ಬಗ್ಗಿಸುತ್ತಾರೆ. ಅಂದರೆ 16 ಎಂ.ಎಂ. ಕಂಬಿಗೆ 64 ಎಂ.ಎಂ. ವ್ಯಾಸದ ಗೂಟ, ಒಳಗಿನ ರೇಡಿಯಸ್ ಬರೀ 32. ಆದರೆ ಆ ಪರೀಕ್ಷೆ ಹೇಳುವುದು ಕಬ್ಬಿಣ ತಡೆಯುತ್ತದೋ ಇಲ್ಲವೋ ಅಂತ ಮಾತ್ರ. ಸುತ್ತ ಇರುವ ಕಾಂಕ್ರೀಟ್ ತಡೆಯುತ್ತದಾ ಅನ್ನುವುದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಗೆ ಐಎಸ್ 2502 ಇದೆ. ಅದರ ಪ್ರಕಾರ ಒಳ ರೇಡಿಯಸ್ ನುಣುಪು ಮೈಲ್ಡ್ ಸ್ಟೀಲಿಗೆ ಕಂಬಿ ವ್ಯಾಸದ ಕನಿಷ್ಠ ಎರಡು ಪಟ್ಟು, ತಿರುಚಿದ ಗಟ್ಟಿ ಕಂಬಿಗೆ ನಾಲ್ಕು ಪಟ್ಟು. ಅದು 1963ರ ಕೋಡ್, ಟಿಎಂಟಿ ಬಂದದ್ದು ಆಮೇಲೆ. ನಾನು ಮೇನ್ ಕಂಬಿಗೆ ನಾಲ್ಕು ಪಟ್ಟನ್ನೇ ಹಿಡಿಯುತ್ತೇನೆ. 16 ಎಂ.ಎಂ.ಗೆ 64 ರೇಡಿಯಸ್, ಅಂದರೆ 128 ಎಂ.ಎಂ. ವ್ಯಾಸದ ಗೂಟ ಬೇಕು. ಹಲಗೆಯ ಮೇಲಿನ ಗೂಟಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ಇದು ಪುಸ್ತಕದ ಮಾತಷ್ಟೇ ಅಲ್ಲ ಅಂತ ನನಗೆ ಗಟ್ಟಿಯಾದದ್ದು ಒಂದು ಹಳೆ ಮನೆಯ ಪೋರ್ಟಿಕೋ ರಿಪೇರಿಯಲ್ಲಿ. ಬೀಮ್ ಬಂದು ಸೇರುವ ಮೂಲೆ ಪಿಲ್ಲರಿನ ಪಕ್ಕದ ಮುಖದಲ್ಲಿ ಒಂದು ಬಿರುಕು ಇತ್ತು. ಅದು ನೆಟ್ಟಗೆ ಇಳಿದಿರಲಿಲ್ಲ, ಅಡ್ಡಕ್ಕೂ ಹೋಗಿರಲಿಲ್ಲ. ಬೀಮಿನ ಮೇಲ್ಭಾಗದ ಮಟ್ಟದಲ್ಲಿ ಸ್ವಲ್ಪ ಅಡ್ಡ ಬಂದು, ತಿರುಗಿ ಕೆಳಗೆ ಇಳಿದಿತ್ತು. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಟೊಳ್ಳು ಸದ್ದು. ಉಳಿಯಿಂದ ಸಡಿಲಿಸಿದಾಗ ಕಂಬಿಯನ್ನು ಮುಚ್ಚಿದ ಕಾಂಕ್ರೀಟ್ ಪದರ, ಅಂದರೆ ಕವರ್, ಅಂಗೈ ಅಗಲದ ಒಂದೇ ಚಕ್ಕೆಯಾಗಿ ಕೈಗೆ ಬಂತು. ಹಿಂದೆ 16 ಎಂ.ಎಂ. ಕಂಬಿ ಹೆಚ್ಚುಕಮ್ಮಿ ಮೂಲೆಮಟ್ಟದ ಹಾಗೆ ಬಗ್ಗಿ ನಿಂತಿತ್ತು. ಬೆಂಡಿನ ಒಳಮಗ್ಗುಲಲ್ಲಿ ಕಾಂಕ್ರೀಟ್ ಪುಡಿಯಾಗಿತ್ತು. ಬೆರಳಲ್ಲಿ ಕೆರೆದರೆ ಮರಳು ಉದುರುತ್ತಿತ್ತು. ಎರಡೇ ಇಂಚು ಆಚೆ ಅದೇ ಕಾಂಕ್ರೀಟ್ ಉಳಿಗೂ ಜಗ್ಗಲಿಲ್ಲ. ಕಂಬಿ ಮಾತ್ರ ಎಲ್ಲೂ ಸೀಳಿರಲಿಲ್ಲ.

ಹೀಗೇಕೆ ಆಗುತ್ತದೆ? ಬೀಮಿನ ಮೇಲಿನ ಕಂಬಿಯನ್ನು ಭಾರ ಎಳೆಯುತ್ತದೆ. ಎಳೆದ ಕಂಬಿ ನೆಟ್ಟಗಾಗಲು ನೋಡುತ್ತದೆ. ಬೆಂಡ್ ಇರುವಲ್ಲಿ ಅದು ತನ್ನ ಒಳಗಿನ ಕಾಂಕ್ರೀಟನ್ನು ಒತ್ತುತ್ತದೆ. ಬಾವಿಯ ಹಗ್ಗ ರಾಟೆಯ ಮೇಲೆ ಹಾದರೆ ಏನೂ ಆಗುವುದಿಲ್ಲ, ಕಟ್ಟೆಯ ಅಂಚಿನ ಮೇಲೆ ಹಾದರೆ ಅಂಚೇ ಸವೆಯುತ್ತದೆ. ಭಾರ ಅದೇ, ಕೊಡವೂ ಅದೇ. ಒತ್ತಡ ಹರಡಿಕೊಳ್ಳುವ ಜಾಗ ಮಾತ್ರ ಬೇರೆ. ಐಎಸ್ 456ರಲ್ಲಿ ಇದಕ್ಕೆ ಚಿಕ್ಕ ಲೆಕ್ಕವಿದೆ:

```
ಒತ್ತಡ = F / (r × φ)
```

F ಅಂದರೆ ಬೆಂಡಿನ ಹತ್ತಿರ ಕಂಬಿಯಲ್ಲಿರುವ ಎಳೆತ, r ಒಳ ರೇಡಿಯಸ್, φ ಕಂಬಿಯ ವ್ಯಾಸ. ನಮ್ಮ ಮನೆಗಳಲ್ಲಿ ಸಾಮಾನ್ಯವಾದ 230 ಎಂ.ಎಂ. ಪಿಲ್ಲರ್ ತಗೊಳ್ಳಿ. ಅಷ್ಟು ಕಿರಿದಾದ ಪಿಲ್ಲರಿನಲ್ಲಿ ಬೆಂಡಿಗೆ ಮುಂಚೆ ಕಂಬಿ ನೆಟ್ಟಗೆ ಓಡುವುದು ಒಂದು ಗೇಣೂ ಇಲ್ಲ. ಹಾಗಾಗಿ ಕಾಂಕ್ರೀಟಿನ ಹಿಡಿತಕ್ಕೆ ಸ್ವಲ್ಪ ಎಳೆತ ಹೋಗಿ, ಉಳಿದದ್ದು ಬೆಂಡಿಗೇ ಬರುತ್ತದೆ. ಅದು 25 ಕಿಲೋನ್ಯೂಟನ್ ಅಂತ ಇಟ್ಟುಕೊಳ್ಳೋಣ, ಸುಮಾರು ಎರಡೂವರೆ ಟನ್. ರೇಡಿಯಸ್ 16 ಎಂ.ಎಂ. ಇದ್ದರೆ ಚದರ ಎಂ.ಎಂ.ಗೆ 98 ನ್ಯೂಟನ್ ಒತ್ತಡ. 64 ಇದ್ದರೆ 24. ಎಂ20 ಕಾಂಕ್ರೀಟಿನಲ್ಲಿ, ಪಕ್ಕಕ್ಕೆ 64 ಎಂ.ಎಂ. ಕವರ್ ಇದ್ದಾಗ, ಅದೇ ಕೋಡಿನ ಸೂತ್ರ ಒಪ್ಪುವುದು ಸುಮಾರು 21. ಐಎಸ್ 2502ರ ಪ್ರಕಾರ ಮಾಡಿದ ಹುಕ್ ಮತ್ತು ಬೆಂಡಿಗೆ ಈ ಪರಿಶೀಲನೆ ಬೇಡ ಅಂತ ಕೋಡ್ ಹೇಳುತ್ತದೆ, ನಿಜ. ಆದರೆ ಕಿರಿದಾದ ಪಿಲ್ಲರಿನಲ್ಲಿ ನಾನು ಆ ವಿನಾಯಿತಿ ತಗೊಳ್ಳುವುದಿಲ್ಲ. ಐದು ಪಟ್ಟು, ಅಂದರೆ 80 ಎಂ.ಎಂ. ರೇಡಿಯಸ್ ಮಾಡಿಸುತ್ತೇನೆ. ಆಗ ಒತ್ತಡ 19.5ಕ್ಕೆ ಇಳಿಯುತ್ತದೆ.

ಇನ್ನು ಬಿರುಕು ಪಕ್ಕದ ಮುಖದಲ್ಲೇ ಯಾಕೆ ಬರುತ್ತದೆ? ಬೆಂಡ್ ಒಳಕ್ಕೆ ಒತ್ತಿದಾಗ ಕಾಂಕ್ರೀಟ್ ಆ ದಿಕ್ಕಿಗೆ ಹಿಚುಕಿಕೊಂಡು, ಎಡಕ್ಕೆ ಬಲಕ್ಕೆ ಹಿಗ್ಗಲು ನೋಡುತ್ತದೆ. ಹಿಗ್ಗುವ ಎಳೆತಕ್ಕೆ ಕಾಂಕ್ರೀಟ್ ದುರ್ಬಲ, ಅಲ್ವಾ? ನಡುವಿನ ಕಂಬಿಗಾದರೆ ಎರಡೂ ಕಡೆ ದಪ್ಪ ಕಾಂಕ್ರೀಟ್ ಒತ್ತಾಸೆ ಇರುತ್ತದೆ. ಪಕ್ಕದ ಕಂಬಿಗೆ ಒಂದು ಕಡೆ ಇರುವುದು ಬರೀ ಕವರ್. ಅದಕ್ಕೇ ಕಂಬಿ ಬಗ್ಗಿರುವ ಗುಂಟವೇ ಸೀಳು ಹೋಗಿ ಕವರ್ ಚಕ್ಕೆಯಾಗಿ ಏಳುತ್ತದೆ. ಸೂತ್ರದಲ್ಲಿ ಕವರ್ ಕಮ್ಮಿಯಾದಂತೆ ಒಪ್ಪುವ ಒತ್ತಡ ಇಳಿಯುವುದೂ ಇದೇ ಕಾರಣಕ್ಕೆ. ಬೀಮ್ ಪಿಲ್ಲರ್ ಸೇರುವ ಗಂಟಿನೊಳಗೆ ಪಿಲ್ಲರಿನ ರಿಂಗ್ ಬಿಟ್ಟುಬಿಟ್ಟರೆ ಈ ಹಿಗ್ಗುವಿಕೆಯನ್ನು ಕಟ್ಟಿಹಾಕಲು ಏನೂ ಇರುವುದಿಲ್ಲ. ಆ ಪೋರ್ಟಿಕೋದಲ್ಲಿ ಗಂಟಿನೊಳಗೆ ಒಂದೂ ರಿಂಗ್ ಸಿಗಲಿಲ್ಲ. ಅಲ್ಲಿ ಕೈ ಆಡುವುದಿಲ್ಲ, ಕಟ್ಟುವುದು ಕಷ್ಟ. ಅದಕ್ಕೇ ಬಹಳ ಕಡೆ ಬಿಟ್ಟುಬಿಡುತ್ತಾರೆ.

ನಾನು ಮಾಡಿಕೊಂಡ ಸಾಧನ ಬಹಳ ಸರಳ. 6 ಇಂಚಿನ ಕಬ್ಬಿಣದ ಪೈಪಿನ ಹೊರವ್ಯಾಸ 168 ಎಂ.ಎಂ. ಅದರ ಗಿಡ್ಡ ತುಂಡೊಂದನ್ನು ದಪ್ಪ ಪ್ಲೇಟಿಗೆ ವೆಲ್ಡ್ ಮಾಡಿಸಿ, ಪಕ್ಕದಲ್ಲಿ ಕಂಬಿ ಜಾರದಂತೆ ಒಂದು ತಡೆಗೂಟ ಕೂರಿಸಿದೆ. 16 ಎಂ.ಎಂ. ಕಂಬಿ ಇದರ ಮೇಲೆ 84 ರೇಡಿಯಸ್ಸಿಗೆ ಬಗ್ಗುತ್ತದೆ. ಬಿಟ್ಟ ಮೇಲೆ ಕಂಬಿ ತುಸು ಹಿಂದಕ್ಕೆ ಬರುತ್ತದೆ, ಅದಕ್ಕೆ 90 ಡಿಗ್ರಿ ದಾಟಿ ಸ್ವಲ್ಪ ಎಳೆಯಬೇಕು. ಎಳೆಯುವುದು ಒಂದೇ ಸಮ ಇರಲಿ, ಜಗ್ಗಿ ಜಗ್ಗಿ ಬೇಡ. ಕೀಗೆ ಉದ್ದ ಪೈಪ್ ಹಾಕಿಕೊಂಡರೆ ಇಬ್ಬರ ಕೆಲಸ ಒಬ್ಬರಿಂದ ಆಗುತ್ತದೆ. ಟಿಎಂಟಿಯನ್ನು ಬಿಸಿ ಮಾಡಿ ಬಗ್ಗಿಸಲು ಮಾತ್ರ ಬಿಡಬೇಡಿ. ಅದರ ಶಕ್ತಿ ಇರುವುದು ನೀರಲ್ಲಿ ದಿಢೀರ್ ತಣಿಸಿ ಗಟ್ಟಿ ಮಾಡಿದ ಹೊರಪದರದಲ್ಲಿ. ಬೆಂಕಿಗೆ ಹಿಡಿದರೆ ಅದು ಮೆತ್ತಗಾಗುತ್ತದೆ.

ಪರೀಕ್ಷೆಗೆ 80 ರೇಡಿಯಸ್ಸಿನ ಕಾಲು ವೃತ್ತವನ್ನು ಪ್ಲೈವುಡ್ಡಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಬೆಂಡಿನ ಒಳಗೆ ಒತ್ತಿ ಹಿಡಿಯುತ್ತೇನೆ. ಪ್ಲೈವುಡ್ ಎರಡು ಕಾಲುಗಳಿಗೆ ತಾಗಿ ಮೂಲೆಯಲ್ಲಿ ಸಂದು ಬಿಟ್ಟರೆ ಬೆಂಡ್ ಚೂಪಾಗಿದೆ ಅಂತ ಅರ್ಥ. ಅಂಥದ್ದನ್ನು ಬಿಚ್ಚಿ ನೆಟ್ಟಗೆ ಮಾಡಿ ಅದೇ ಜಾಗದಲ್ಲಿ ಮತ್ತೆ ಬಗ್ಗಿಸಲು ಬಿಡುವುದಿಲ್ಲ. ಬಗ್ಗಿದ ಭಾಗ ಕತ್ತರಿಸಿ, ಉಳಿದ ನೇರ ತುಂಡನ್ನು ಬೇರೆ ಕಡೆಗೆ ಬಳಸುತ್ತೇವೆ. ಬೆಂಡಿನ ಹೊರಮಗ್ಗುಲಲ್ಲಿ ಗೆರೆಗಳ ಬುಡವನ್ನೂ ಒಮ್ಮೆ ಬಿಸಿಲಿಗೆ ಹಿಡಿದು ನೋಡುವುದು ಒಳ್ಳೆಯದು. ಕೂದಲೆಳೆ ಸೀಳು ಬಂದರೆ ಅಲ್ಲೇ ಬರುತ್ತದೆ.

ಬೆಂಡಾದ ಮೇಲಿನ ಬಾಲ ಎಷ್ಟುದ್ದ ಇರಬೇಕು ಅನ್ನುವಲ್ಲಿ ಬಹಳ ಗೊಂದಲ ಇದೆ. ಪೂರ್ತಿ ಮಡಿಚಿದ ಹುಕ್ಕಿಗೆ ವ್ಯಾಸದ ನಾಲ್ಕು ಪಟ್ಟು ನೇರ ಬಾಲ. ಅದನ್ನೇ ಎಲ್ ಬೆಂಡಿಗೂ ಹಿಡಿದರೆ ಸಾಲುವುದಿಲ್ಲ. ಎಂ20 ಕಾಂಕ್ರೀಟಿನಲ್ಲಿ 16 ಎಂ.ಎಂ. ಎಫ್‌ಇ 500 ಕಂಬಿ ತನ್ನ ಪೂರ್ತಿ ಎಳೆತಕ್ಕೆ ಹಿಡಿದು ನಿಲ್ಲಲು 906 ಎಂ.ಎಂ. ಬೇಕು. 230 ಪಿಲ್ಲರಿನಲ್ಲಿ ಕವರ್, ರಿಂಗ್, ಬೆಂಡ್ ಎಲ್ಲ ಕಳೆದರೆ ನೇರಕ್ಕೆ ಸಿಗುವುದು 86. 90 ಡಿಗ್ರಿ ಬೆಂಡಿಗೆ ಕೋಡ್ ಕೊಡುವ ಬೆಲೆ ವ್ಯಾಸದ ಎಂಟು ಪಟ್ಟು, ಅಂದರೆ 128. ಉಳಿದದ್ದು 692. ಹಾಗಾಗಿ ಪಿಲ್ಲರಿನೊಳಗೆ ಕೆಳಕ್ಕೆ 700 ಎಂ.ಎಂ. ಬಾಲ ಇಳಿಸುತ್ತೇನೆ. ಕಂಬಿ ಉಳಿಸಲು ಒಂದು ಅಡಿಗೇ ಕತ್ತರಿಸಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ.

ರಿಂಗಿನ ವಿಷಯ ಬೇರೆ. ರಿಂಗ್ ಮೂಲೆ ಕಂಬಿಯನ್ನು ತಬ್ಬಿ ಕೂರಬೇಕು. ಅದರ ಬೆಂಡ್ ತೀರಾ ದೊಡ್ಡದಾದರೆ ಮೂಲೆ ಕಂಬಿ ಒಳಕ್ಕೆ ಸರಿಯುತ್ತದೆ. 8 ಎಂ.ಎಂ. ರಿಂಗಿಗೆ ನಾನು ಗೂಟವಾಗಿ ಬಳಸುವುದು 32 ಎಂ.ಎಂ. ಕಂಬಿಯ ತುಂಡನ್ನೇ. ಹುಕ್ 135 ಡಿಗ್ರಿ ಇರಬೇಕು. ಬಾಲ ಐಎಸ್ 13920ರ 2016ರ ಆವೃತ್ತಿಯಂತೆ ವ್ಯಾಸದ ಆರು ಪಟ್ಟು, 65 ಎಂ.ಎಂ.ಗೆ ಕಮ್ಮಿ ಇಲ್ಲ. 8 ಎಂ.ಎಂ.ಗೆ ಆರು ಪಟ್ಟು 48 ಆಗುವುದರಿಂದ 65 ಹಿಡಿಯಬೇಕು. 90 ಡಿಗ್ರಿ ಹುಕ್ಕಿನ ಬಾಲ ಕವರಿನಲ್ಲೇ ಮಲಗಿರುತ್ತದೆ. ಕವರ್ ಹೋದರೆ ಹುಕ್ಕೂ ಬಿಚ್ಚಿಕೊಳ್ಳುತ್ತದೆ. 135ರದ್ದು ನಡುವಿನ ಕಾಂಕ್ರೀಟಿಗೆ ಕಚ್ಚಿಕೊಂಡಿರುತ್ತದೆ.

230×375 ಬೀಮಿಗೆ 25 ಕವರ್ ಬಿಟ್ಟರೆ ರಿಂಗಿನ ಹೊರಅಳತೆ 180×325. ಬೆಂಡುಗಳ ಸುತ್ತನ್ನೂ ಎರಡು ಹುಕ್ಕನ್ನೂ ಸೇರಿಸಿ ಕಂಬಿಯ ನಡುಗೆರೆಯಲ್ಲಿ ಅಳೆದರೆ 1136 ಎಂ.ಎಂ. ಬರುತ್ತದೆ. ನಾನು 1140ಕ್ಕೆ ಕತ್ತರಿಸುತ್ತೇನೆ. ಅದೇ ರಿಂಗಿಗೆ 1075 ಕತ್ತರಿಸಿ ಕೊಟ್ಟರೂ ರಿಂಗ್ ಚೌಕವಾಗಿ ಚೆನ್ನಾಗೇ ಕಾಣುತ್ತದೆ. ಕಮ್ಮಿಯಾದದ್ದೆಲ್ಲ ಹುಕ್ಕಿನಲ್ಲೇ ಹೋಗಿರುತ್ತದೆ, ಬಾಲ 34 ಎಂ.ಎಂ.ಗೆ ಇಳಿದಿರುತ್ತದೆ. ಅದಕ್ಕೇ ರಾಶಿ ಕತ್ತರಿಸುವ ಮೊದಲು ಒಂದೇ ರಿಂಗ್ ಮಾಡಿಸಿ ಬಾಲಕ್ಕೆ ಟೇಪ್ ಹಿಡಿಯುತ್ತೇನೆ.

ಕೊನೆಗೆ ಸೆಂಟ್ರಿಂಗ್ ಮೇಲೆ ಕಂಬಿ ಕೂರಿಸುವಾಗ ಎರಡು ಕೆಲಸ ಬಿಡುವುದಿಲ್ಲ. ಒಂದು, ಗಂಟಿನೊಳಗೆ ಪಿಲ್ಲರ್ ರಿಂಗ್. ಬೀಮಿನ ಕಂಬಿ ಇಳಿಸುವ ಮುಂಚೆಯೇ ಅವನ್ನು ಪಿಲ್ಲರಿಗೆ ಸೇರಿಸಿ ಕೆಳಗೆ ಬಿಟ್ಟಿರಬೇಕು, ಆಮೇಲೆ ಎತ್ತಿ ಕಟ್ಟಿಕೊಂಡರೆ ಕೈಗೆ ಸುಲಭ. ಇನ್ನೊಂದು, ಎಲ್ ಬೆಂಡುಗಳ ಒಳಮೂಲೆಗೆ ಅಡ್ಡಲಾಗಿ ಒಂದು 16 ಎಂ.ಎಂ. ತುಂಡು. ಅದು ಬೆಂಡಿಗೆ ಅಂಟಿಕೊಂಡೇ ಇರಬೇಕು, ಬೈಂಡಿಂಗ್ ವೈರ್ ಸಡಿಲ ಬಿಟ್ಟು ಸುಮ್ನೆ ನೇತುಹಾಕಿದರೆ ಪ್ರಯೋಜನವಿಲ್ಲ. ಒತ್ತಡ ಆ ತುಂಡಿನ ಉದ್ದಕ್ಕೂ ಹರಡುತ್ತದೆ. ಇಷ್ಟೆಲ್ಲ ತುಂಬಿದ ಗಂಟಿನಲ್ಲಿ 20 ಎಂ.ಎಂ. ಜಲ್ಲಿ ಸಿಕ್ಕಿಹಾಕಿಕೊಳ್ಳುವ ಹಾಗೆ ಕಂಡರೆ ಅಲ್ಲಿಗೆ ಮಾತ್ರ 12 ಎಂ.ಎಂ. ಜಲ್ಲಿಯ ಕಾಂಕ್ರೀಟ್ ಹಾಕಿಸಿ, ವೈಬ್ರೇಟರ್ ಸೂಜಿಯನ್ನು ಬೆಂಡಿನ ಒಳಮಗ್ಗುಲವರೆಗೆ ಇಳಿಸುತ್ತೇವೆ.