ಬರಿಗಾಲು, ಸೀರೆ, ಚಿಲಕ: ಮನೆಯಲ್ಲೇ ಮಾಡಿದ ಫೋಲಿ

ನಮ್ಮ ಕಿರುಚಿತ್ರದಲ್ಲಿ ಅಜ್ಜಿಯೊಬ್ಬರು ರಾತ್ರಿ ಎದ್ದು, ನಡುಮನೆ ದಾಟಿ, ಚಿಲಕ ಸರಿಸಿ ಬಾಗಿಲು ತೆರೆಯುತ್ತಾರೆ. ಮಾತಿಲ್ಲ. ಶೂಟಿಂಗ್‌ನಲ್ಲಿ ಸಿಕ್ಕಿದ್ದೆಲ್ಲ ಜನರೇಟರ್ ಸದ್ದು. ಹಾಗಾಗಿ ಆ ದೃಶ್ಯದ ಶಬ್ದವನ್ನೆಲ್ಲ ಮನೆಯಲ್ಲೇ ಮಾಡಿದೆ. ಹೀಗೆ ದೃಶ್ಯ ನೋಡುತ್ತಾ ಅದಕ್ಕೆ ಹೊಂದುವ ಸದ್ದು ಮಾಡಿ ರೆಕಾರ್ಡ್ ಮಾಡೋದಕ್ಕೇ ಫೋಲಿ ಅನ್ನೋದು.

ಊರು ಮಲಗಿದ ಮೇಲೆ ಫ್ಯಾನ್, ಫ್ರಿಜ್ ಎರಡನ್ನೂ ಆಫ್ ಮಾಡಿದೆ. ಬೈಕ್ ಕೀಲಿಯನ್ನು ಫ್ರಿಜ್ ಒಳಗೇ ಇಟ್ಟೆ. ಇಲ್ಲದಿದ್ದರೆ ಮತ್ತೆ ಆನ್ ಮಾಡೋದು ಮರೆತು ಹಾಲು ಒಡೆಯುತ್ತೆ.

ಮೊದಲು ಹೆಜ್ಜೆ. ನಮ್ಮ ಮನೆಯ ಟೈಲ್ಸ್ ಕೆಳಗೆ ಟೊಳ್ಳು, ಕಾಲಿಟ್ಟರೆ ಟಕ್ ಅನ್ನುತ್ತೆ. ಅದಕ್ಕೆ ಜಮಖಾನ ಮಡಚಿ, ಅದರ ಮೇಲೆ ಕಡಪಾ ಕಲ್ಲಿನ ಹಲಗೆ ಇಟ್ಟು ನಿಂತಲ್ಲೇ ನಡೆದೆ. ಬರಿಗಾಲು ಬೆವರಿದ್ದರೆ ಪಚ್ ಪಚ್ ಅನ್ನುತ್ತೆ, ಪಾದಕ್ಕೆ ಸ್ವಲ್ಪ ಪೌಡರ್ ಹಾಕಿದರೆ ಹೋಗುತ್ತೆ. ಹಿಮ್ಮಡಿ ಜೋರಾಗಿ ಊರಿದರೆ ಅಜ್ಜಿ ಹುಡುಗನ ಹಾಗೆ ನಡೆದಂತೆ ಕೇಳುತ್ತೆ. ಪಾದವನ್ನು ಸ್ವಲ್ಪ ಎಳೆದು, ಮೆಲ್ಲಗೆ ಇಡಬೇಕು. ಮೈಕ್ ಪಾದದಿಂದ ಒಂದೂವರೆ ಅಡಿ ದೂರ, ಪಕ್ಕದಲ್ಲಿ. ಸದ್ದು ಸಾಲದಿದ್ದರೆ ಗೇನ್, ಅಂದರೆ ರೆಕಾರ್ಡಿಂಗ್ ಮಟ್ಟ, ಏರಿಸುವ ಬದಲು ಮೈಕನ್ನೇ ಹತ್ತಿರ ತರುತ್ತೇನೆ. ಗೇನ್ ಏರಿಸಿದರೆ ಹೆಜ್ಜೆಯ ಜೊತೆ ಇಡೀ ಮನೆಯ ಗುಂಯ್ ಸದ್ದೂ ಏರುತ್ತೆ. ಟೈಮಿಂಗ್‌ಗೆ ಪರದೆಯಲ್ಲಿ ಅಜ್ಜಿಯ ಭುಜ ನೋಡುತ್ತಿದ್ದೆ. ಫ್ರೇಮ್‌ನಲ್ಲಿ ಪಾದ ಕಾಣದಿದ್ದರೂ ಮೈಭಾರ ಬೀಳುವುದು ಭುಜದಲ್ಲಿ ಗೊತ್ತಾಗುತ್ತೆ.

ಅಜ್ಜಿ ಉಟ್ಟಿದ್ದು ಒಗೆದು ಒಗೆದು ಮೆತ್ತಗಾದ ಸೀರೆ. ಅಂಥ ಬಟ್ಟೆಯ ಸದ್ದು ಮೈಕ್‌ಗೆ ಸಿಗೋದೇ ಇಲ್ಲ. ಪಾಲಿಯೆಸ್ಟರ್ ಆದರೆ ಪರಪರ ಅನ್ನುತ್ತೆ. ಗಂಜಿ ಹಾಕಿದ ಹತ್ತಿ ಸೀರೆಯೇ ಸರಿ ಬಂತು. ಅದರ ಎರಡು ತುದಿ ಹಿಡಿದು, ದೃಶ್ಯ ಮೊದಲಿನಿಂದ ಹಾಕಿ, ಅವರ ಮೈ ಆಡಿದಂತೆ ಕೈ ಆಡಿಸಿದೆ. ಈ ಟ್ರ್ಯಾಕನ್ನು ಎಷ್ಟು ಇಳಿಸಬೇಕು ಅಂದರೆ, ಹಾಕಿದಾಗ ಕೇಳಿದ್ದು ಗೊತ್ತಾಗಬಾರದು, ಮ್ಯೂಟ್ ಮಾಡಿದಾಗ ಮಾತ್ರ ಏನೋ ಖಾಲಿ ಅನ್ನಿಸಬೇಕು.

ಬಾಗಿಲನ್ನು ಒಂದೇ ಸಲ ರೆಕಾರ್ಡ್ ಮಾಡಲಿಲ್ಲ. ಚಿಲಕ, ಕಿರುಗುಟ್ಟುವುದು, ಬಾಗಿಲು ಗೋಡೆಗೆ ತಾಗುವುದು, ಮೂರೂ ಬೇರೆ ಬೇರೆ. ಗುಜರಿಯಿಂದ ತಂದ ಕಬ್ಬಿಣದ ಚಿಲಕವನ್ನು ಕೈಯಲ್ಲೇ ಹಿಡಿದು ಎಳೆದರೆ ಬರೀ ತಗಡಿನ ಸದ್ದು. ಅದನ್ನೇ ಮರದ ಮೇಜಿಗೆ ಒತ್ತಿ ಹಿಡಿದು ಎಳೆದಾಗ ಮೇಜೂ ಸೇರಿ ದನಿ ಕೊಟ್ಟಿತು, ಸದ್ದಿಗೆ ಮೈ ಬಂತು. ಕಿರುಗುಟ್ಟಲು ಹಳೇ ಮರದ ಕುರ್ಚಿ ಸಾಕು. ಭಾರ ಹಾಕಿ ತುಂಬಾ ನಿಧಾನವಾಗಿ ಹಿಂದಕ್ಕೆ ಒರಗಬೇಕು. ಕೀಲು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಸರಿದಾಗಲೇ ಆ ಸದ್ದು ಹುಟ್ಟೋದು, ಬೇಗ ಒರಗಿದರೆ ಬರಲ್ಲ. ಗೋಡೆಗೆ ತಾಗುವ ದಬ್ ಸದ್ದಿಗೆ ಬೀರುವಿನ ಪಕ್ಕಕ್ಕೆ ಮುಷ್ಟಿಯಿಂದ ಮೆಲ್ಲಗೆ ಗುದ್ದಿದೆ.

ಕೊನೆಯ ಶಾಟ್‌ನಲ್ಲಿ ಕ್ಯಾಮೆರಾ ಹಿತ್ತಲಲ್ಲಿದೆ. ಹತ್ತಿರದಿಂದ ಹಿಡಿದ ಚಿಲಕ ಅಲ್ಲಿ ಕಿವಿಗೇ ಬಂದಂತಿತ್ತು. ವಾಲ್ಯೂಮ್ ಇಳಿಸಿದರೂ ದೂರ ಹೋಗಲಿಲ್ಲ. ಮೈಕನ್ನು ಪಕ್ಕದ ಕೋಣೆಯಲ್ಲಿಟ್ಟು ಅದೊಂದನ್ನು ಮತ್ತೆ ಮಾಡಿದೆ.