ಸಾವಿರ ಕಿಲೋಮೀಟರನ್ನು ಹನ್ನೆರಡರಿಂದ ಭಾಗಿಸಬೇಡಿ

ವರ್ಷಕ್ಕೆ ಸಾವಿರ ಕಿಲೋಮೀಟರ್ ನಡೆಯಬೇಕೆಂದು ಹೊರಟ ಮೊದಲ ಸಲ ನಾನು ಸಾವಿರವನ್ನು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 83 ಎಂದು ಬರೆದಿಟ್ಟೆ. ಮೇ ಕೊನೆಯವರೆಗೆ ಲೆಕ್ಕ ಸರಿಯಾಗಿಯೇ ನಡೆಯಿತು. ಉಡುಪಿಯ ಮಳೆ ನನ್ನ ಭಾಗಾಕಾರವನ್ನು ಕೇಳಬೇಕಲ್ಲ! ಜುಲೈ ಮುಗಿಯುವಾಗ 130 ಕಿಲೋಮೀಟರ್ ಬಾಕಿ. ಆ ಅಂಕಿ ನೋಡಿದ್ದೇ ಬೂಟು ಕಪಾಟು ಸೇರಿತು.

ಹಾಗಾಗಿ ಮೊದಲು ತಿಂಗಳುಗಳನ್ನು ತೂಗಿ ನೋಡಿ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ, ಆಗಸ್ಟ್ ತಿಂಗಳುಗಳಿಗೆ ತಲಾ 40 ಸಾಕು, ಒಟ್ಟು 120. ಉಳಿದ 880ನ್ನು ಒಂಬತ್ತು ತಿಂಗಳಿಗೆ ಹಂಚಿದರೆ ಸುಮಾರು 98. ವಾರಕ್ಕೆ 23 ಕಿಲೋಮೀಟರ್ ಬೀಳುತ್ತದೆ, ಅಂದರೆ ಐದು ದಿನ, ದಿನಕ್ಕೆ ನಾಲ್ಕೂವರೆ. ಸಾಧಾರಣ ನಡಿಗೆಗೆ ಇದು ಒಂದು ಗಂಟೆಯೊಳಗಿನ ಕೆಲಸ. ಎರಡು ದಿನ ಬೇಕೆಂದೇ ಖಾಲಿ ಬಿಡಿ. ಮದುವೆ, ನೇಮ, ನೆಂಟರು ಇವೆಲ್ಲ ಆ ಎರಡು ದಿನಗಳಲ್ಲಿ ಹಿಡಿಸಬೇಕು.

ಇನ್ನು ತಪಾಸಣೆ. ದಿನಕ್ಕೆ ಬೇಕಾದದ್ದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಮಾತ್ರ. ಅಲ್ಲಿ ದೂರ, ಸಮಯ, ಹೆಜ್ಜೆಗಳನ್ನೆಲ್ಲ ಬರೆಯಹೊರಟರೆ ಎರಡು ವಾರದಲ್ಲಿ ಬರೆಯುವುದೇ ಬೇಸರವಾಗುತ್ತದೆ. ಭಾನುವಾರ ಸಂಜೆ ಗೀಟುಗಳನ್ನು ಎಣಿಸಿ ನಾಲ್ಕೂವರೆಯಿಂದ ಗುಣಿಸಿ, ಬದಿಯಲ್ಲಿ ಬರೆಯಿರಿ. ಸತತ ಎರಡು ವಾರ ಮೂರಕ್ಕಿಂತ ಕಡಿಮೆ ಗೀಟು ಬಿದ್ದಿದ್ದರೆ ಸೋಮಾರಿತನವನ್ನು ಬೈಯುವ ಮೊದಲು ಹೊತ್ತನ್ನು ಬದಲಾಯಿಸಿ ನೋಡಿ. ಬೆಳಿಗ್ಗೆ ಮಕ್ಕಳ ಬುತ್ತಿ ಕಟ್ಟುವ ಗಡಿಬಿಡಿಯಲ್ಲಿ ತಪ್ಪುತ್ತಿದ್ದ ನನ್ನ ನಡಿಗೆ ಸಂಜೆಗೆ ಸರಿದ ಮೇಲೆಯೇ ತಪ್ಪದೆ ನಡೆದದ್ದು.

ಒಂದು ವಾರದ ಬಾಕಿಯನ್ನು ಮುಂದಿನ ವಾರದ ತಲೆಗೆ ಕಟ್ಟಬಾರದು. ಒಂದೇ ಭಾನುವಾರ ಮಲ್ಪೆಯ ಮರಳಿನಲ್ಲಿ ಹನ್ನೆರಡು ಕಿಲೋಮೀಟರ್ ನಡೆದು ಸಾಲ ತೀರಿಸಲು ಹೋಗಿ, ಮೀನಖಂಡದ ನೋವಿನಿಂದ ಹತ್ತು ದಿನ ಮನೆಯಲ್ಲಿ ಕುಳಿತಿದ್ದೇನೆ. ಬಾಕಿಯನ್ನು ಸರಿಪಡಿಸುವುದು ತಿಂಗಳ ಕೊನೆಯಲ್ಲಿ ಮಾತ್ರ.

ಅದು ಹೇಗೆಂದರೆ: ಎರಡನೆಯ ವರ್ಷ ಮಾರ್ಚ್ ತಿಂಗಳಲ್ಲಿ ಊರಿನ ಜಾತ್ರೆ, ಮಗಳ ಪರೀಕ್ಷೆ ಎಲ್ಲ ಸೇರಿ 98ರ ಬದಲು 62 ಆಯಿತು. ಮೂರು ತಿಂಗಳಿಗೆ 294 ಇರಬೇಕಾದಲ್ಲಿ 258. ಕೊರತೆ 36. ಮಳೆ ತಿಂಗಳುಗಳನ್ನು ಬಿಟ್ಟರೆ ಮುಂದೆ ಉಳಿದದ್ದು ಆರು ತಿಂಗಳು. ತಿಂಗಳಿಗೆ ಆರು ಕಿಲೋಮೀಟರ್ ಹೆಚ್ಚು. 36 ಎಂದಾಗ ಎದೆ ಝಲ್ಲೆಂದದ್ದು, ವಾರಕ್ಕೆ ಒಂದೂವರೆ ಎಂದಾಗ ತರಕಾರಿ ತರಲು ನಡೆದೇ ಹೋದರಾಯಿತು ಎನ್ನಿಸಿತು.

ಕೊರತೆ 98ನ್ನು, ಅಂದರೆ ಇಡೀ ಒಂದು ತಿಂಗಳ ಪಾಲನ್ನು ದಾಟಿದರೆ ಮಾತ್ರ ಹಂಚಲು ಹೋಗಬೇಡಿ. ಆಗ ಸಾವಿರವನ್ನೇ ಹೊಡೆದು ಒಂಬೈನೂರು ಎಂದು ಬರೆಯಿರಿ. ನನ್ನ ಕ್ಯಾಲೆಂಡರಿನಲ್ಲಿ ಆ ತಿದ್ದುಪಡಿ ಕೆಂಪು ಶಾಯಿಯಲ್ಲಿ ಒಮ್ಮೆ ಆಗಿದೆ, ಸೆಪ್ಟೆಂಬರ್ ಪುಟದಲ್ಲಿ.